ತುಪ್ಪ ಇರಲಿ, ಮೊಸರಿಗೆ ಮನೆಯಲ್ಲೇ ಹೆಪ್ಪು ಹಾಕಿ

"ಅಕ್ಕಾ, ಮ್ಯೂನಿಕ್‌ಗೆ ಬಂದು ನಾಲ್ಕು ತಿಂಗಳಾಯಿತು. ಹೊಟ್ಟೆ ಉಬ್ಬರ, ಭೇದಿ ನಿಲ್ಲಲೇ ಇಲ್ಲ. ಉಸಿರಿನ ಪರೀಕ್ಷೆ ಮಾಡಿ ಲ್ಯಾಕ್ಟೋಸ್ ಆಗುವುದಿಲ್ಲ ಅಂದರು. ಹಾಲು, ಮೊಸರು, ತುಪ್ಪ ಮೂರನ್ನೂ ಬಿಟ್ಟಿದ್ದೇನೆ. ಮೊಸರನ್ನ ಇಲ್ಲದೆ ಊಟ ಮುಗಿದ ಹಾಗೇ ಅನಿಸುವುದಿಲ್ಲ. ಊರಲ್ಲಿ ಇಲ್ಲದ್ದು ಇಲ್ಲಿ ಯಾಕೆ ಬಂತು? ನೀವೆಲ್ಲ ಏನು ಮಾಡುತ್ತೀರಿ?"

ಮೊದಲು ತುಪ್ಪದ ಡಬ್ಬಿ ವಾಪಸ್ ಹೊರಗೆ ತೆಗೆಯಿರಿ. ಅದನ್ನು ಬಿಡುವ ಅಗತ್ಯವೇ ಇರಲಿಲ್ಲ. ಲ್ಯಾಕ್ಟೋಸ್ ಅಂದರೆ ಹಾಲಿನಲ್ಲಿರುವ ಸಕ್ಕರೆ. ಅದು ನೀರಿನಂಶದಲ್ಲಿ ಇರುತ್ತದೆ, ಜಿಡ್ಡಿನಲ್ಲಿ ಅಲ್ಲ. ಬೆಣ್ಣೆಯಲ್ಲೇ 100 ಗ್ರಾಂಗೆ ಒಂದು ಗ್ರಾಂಗಿಂತ ಕಡಿಮೆ ಇರುತ್ತದೆ. ಕಾಯಿಸಿದಾಗ ನೀರು ಆವಿಯಾಗಿ, ಉಳಿದದ್ದು ಕಂದು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ತೆಳು ಬಟ್ಟೆಯಲ್ಲಿ ಸೋಸಿದರೆ ಮುಗಿಯಿತು. ಇಲ್ಲಿ ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪ್ಯಾಕೆಟ್‌ನಲ್ಲಿ ಸಿಗುತ್ತದೆ. ಎರಡು ಪ್ಯಾಕೆಟ್ ಸಣ್ಣ ಉರಿಯಲ್ಲಿ ಕಾಯಿಸಿದರೆ 400 ಗ್ರಾಂ ಹತ್ತಿರ ಘಮಘಮ ತುಪ್ಪ ಬರುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಹಾಲು ತಾಗಿದರೆ ಮೈ ದದ್ದು ಏಳುವುದು, ತುಟಿ ಊದುವುದು, ಉಸಿರು ಕಟ್ಟುವುದು ಇದ್ದರೆ ಅದು ಲ್ಯಾಕ್ಟೋಸ್ ತೊಂದರೆ ಅಲ್ಲ, ಹಾಲಿನ ಪ್ರೋಟೀನಿನ ಅಲರ್ಜಿ. ಅಂಥವರಿಗೆ ನಾನು ಇಲ್ಲಿ ಹೇಳುವ ಯಾವುದೂ ಹೊಂದುವುದಿಲ್ಲ.

ಊರಲ್ಲಿ ಇಲ್ಲದ್ದು ಇಲ್ಲಿ ಯಾಕೆ ಅಂದಿರಿ. ನಮ್ಮ ಮನೆಯವರ ಕಥೆಯೂ ಇದೇ. ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಅನ್ನುವ ಕಿಣ್ವ ಚಿಕ್ಕ ಮಕ್ಕಳಲ್ಲಿ ಚೆನ್ನಾಗಿರುತ್ತದೆ, ದೊಡ್ಡವರಾಗುತ್ತಾ ನಮ್ಮಲ್ಲಿ ಬಹಳ ಜನರಿಗೆ ಕಡಿಮೆಯಾಗುತ್ತದೆ. ಹಾಗಂತ ಪೂರ್ತಿ ಸೊನ್ನೆ ಆಗುವುದು ಅಪರೂಪ. ಒಂದು ಸಲಕ್ಕೆ 12 ಗ್ರಾಂವರೆಗೆ ಲ್ಯಾಕ್ಟೋಸನ್ನು ಹೆಚ್ಚಿನವರು ತಡೆದುಕೊಳ್ಳುತ್ತಾರೆ. ಊರಲ್ಲಿ ಅವರು ಕುಡಿಯುತ್ತಿದ್ದದ್ದು ಪುಟ್ಟ ಲೋಟದ ಕಾಫಿ, ತಿನ್ನುತ್ತಿದ್ದದ್ದು ಹುಳಿ ಮೊಸರು. ಇಲ್ಲಿ ಬಂದ ಮೇಲೆ ಬೆಳಿಗ್ಗೆ ಒಂದು ಬಟ್ಟಲು ಮ್ಯೂಸ್ಲಿಗೆ ಕಾಲು ಲೀಟರ್ ತಣ್ಣನೆ ಹಾಲು. ಅದರಲ್ಲೇ ಸುಮಾರು 12 ಗ್ರಾಂ ಆಯಿತು. ಆಫೀಸಿಗೆ ಹೋದ ತಕ್ಷಣ ದೊಡ್ಡ ಗ್ಲಾಸಿನ ಲಾಟೆ, ಇನ್ನೊಂದು 10 ಗ್ರಾಂ. ರಾತ್ರಿ ಮೊಸರನ್ನಕ್ಕೆ ಹಾಕಿದ ಒಂದು ಬಟ್ಟಲು ಮೊಸರಿನಲ್ಲಿ ಹೆಚ್ಚೆಂದರೆ 6 ಗ್ರಾಂ. ಆದರೆ ಹೊಟ್ಟೆ ರಾತ್ರಿವರೆಗೂ ಗುಡುಗುಡು ಅನ್ನುತ್ತಿದ್ದರಿಂದ ಅವರು ಬೈದದ್ದು ಮೊಸರನ್ನು! ಎರಡು ವಾರ ಮ್ಯೂಸ್ಲಿ, ಲಾಟೆ ನಿಲ್ಲಿಸಿ ಮೊಸರು ಮಾತ್ರ ಉಳಿಸಿಕೊಂಡರು. ಹೊಟ್ಟೆ ಸರಿಹೋಯಿತು. ನೀವೂ ಒಂದು ವಾರ ಏನು, ಎಷ್ಟು, ಯಾವಾಗ ಅಂತ ಬರೆದಿಡಿ. ನಿಮ್ಮ ಮಿತಿ ನಿಮಗೇ ಗೊತ್ತಾಗುತ್ತದೆ.

ಮೊಸರು ಸುಲಭವಾಗಿ ಯಾಕೆ ಒಗ್ಗುತ್ತದೆ ಅಂದರೆ, ಹೆಪ್ಪಿನ ಬ್ಯಾಕ್ಟೀರಿಯಾ ಒಂದಷ್ಟು ಲ್ಯಾಕ್ಟೋಸನ್ನು ತಾವೇ ತಿಂದು ಹುಳಿ ಮಾಡುತ್ತವೆ. ಉಳಿದದ್ದನ್ನು ಒಡೆಯಲು ಹೊಟ್ಟೆಯೊಳಗೂ ಸಹಾಯ ಮಾಡುತ್ತವೆ. ಅಷ್ಟೂ ಆಗದವರು ಲ್ಯಾಕ್ಟೋಸ್ ಇಲ್ಲದ ಹಾಲಿನಲ್ಲೇ ಹೆಪ್ಪು ಹಾಕಬಹುದು. ನಮ್ಮ ಮನೆಯಲ್ಲಿ ಈಗ ವರ್ಷಗಳಿಂದ ಅದೇ ನಡೆಯುತ್ತಿದೆ.

ಪ್ಯಾಕೆಟ್ ಮೇಲೆ 'ಲಾಕ್ಟೋಸೆಫ್ರೈ' ಅಂತ ಇರುತ್ತದೆ. ಇಲ್ಲಿ ಹಾಗೆ ಬರೆಯಬೇಕಾದರೆ 100 ಗ್ರಾಂಗೆ 0.1 ಗ್ರಾಂಗಿಂತ ಕಡಿಮೆ ಇರಬೇಕು. ಇದು ನಿಜವಾದ ಹಸುವಿನ ಹಾಲೇ. ಲ್ಯಾಕ್ಟೇಸ್ ಹಾಕಿ ಸಕ್ಕರೆಯನ್ನು ಮೊದಲೇ ಗ್ಲೂಕೋಸ್, ಗ್ಯಾಲಕ್ಟೋಸ್ ಅಂತ ಎರಡಾಗಿ ಒಡೆದಿರುತ್ತಾರೆ. ಹೆಪ್ಪಿಗೆ ಬೇಕಾದ ಪ್ರೋಟೀನ್ ಹಾಗೇ ಇರುತ್ತದೆ, ಬ್ಯಾಕ್ಟೀರಿಯಾಗೆ ತಿನ್ನಲು ಗ್ಲೂಕೋಸ್ ಇರುತ್ತದೆ. ಅದಕ್ಕೇ ಮೊಸರಾಗುತ್ತದೆ.

ಫ್ರಿಜ್ ಸಾಲಿನಲ್ಲಿರುವ, 3.5 ಶೇಕಡಾ ಕೊಬ್ಬಿನ ಹಾಲು ತನ್ನಿ. 1.5 ಇರುವುದರಲ್ಲಿ ಮೊಸರು ತೆಳ್ಳಗೆ ಬರುತ್ತದೆ. ಒಂದು ಲೀಟರ್ ಕುದಿಸಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ. ಕೈಯಾಡಿಸುತ್ತಿರಿ, ಈ ಹಾಲು ಬೇಗ ತಳ ಹಿಡಿಯುತ್ತದೆ. ಆಮೇಲೆ ಬೆರಳಿಟ್ಟರೆ ಬೆಚ್ಚಗೆ, ಆದರೆ ಸುಡದಷ್ಟು ಆರಿಸಿ. ಥರ್ಮಾಮೀಟರ್ ಇದ್ದರೆ 42, 43 ಡಿಗ್ರಿ. ಎರಡು ಚಮಚ ಸಾದಾ ಮೊಸರನ್ನು ಸ್ವಲ್ಪ ಹಾಲಿನಲ್ಲಿ ಕದಡಿ ಸೇರಿಸಿ. ಹೆಪ್ಪಿಗೆ ಮಾಮೂಲಿ ಮೊಸರಾದರೂ ಹೆದರಬೇಡಿ. 30 ಗ್ರಾಂ ಮೊಸರಿನಲ್ಲಿ ಒಂದು ಗ್ರಾಂ ಚಿಲ್ಲರೆ ಲ್ಯಾಕ್ಟೋಸ್ ಇರಬಹುದು. ಅದು ಒಂದು ಲೀಟರಿಗೆ ಹಂಚಿಹೋಗುತ್ತದೆ.

ಪಾತ್ರೆಯನ್ನು ಓವನ್‌ನಲ್ಲಿಟ್ಟು ಒಳಗಿನ ಬಲ್ಬ್ ಮಾತ್ರ ಹಚ್ಚಿಡಿ. ನನಗೆ ಎಂಟು ಗಂಟೆ ಬೇಕಾಗುತ್ತದೆ, ಚಳಿಗಾಲದಲ್ಲಿ ಹತ್ತು. ಅಲ್ಲಾಡಿಸದೆ ಸ್ವಲ್ಪ ಓರೆ ಮಾಡಿ ನೋಡಿ. ಅಂಚಿನಿಂದ ಒಂದೇ ಗಟ್ಟಿಯಾಗಿ ಬಿಟ್ಟರೆ ಆಗಿದೆ. ಹಾಲಿನ ಹಾಗೇ ಹರಿದರೆ ಇನ್ನೆರಡು ಗಂಟೆ ಬಿಡಿ. ಆಗಲೂ ಹರಿಯುತ್ತಿದ್ದರೆ, ಹೆಪ್ಪು ಹಾಕುವಾಗ ಹಾಲು ತುಂಬ ಬಿಸಿ ಇತ್ತು, ಇಲ್ಲವೇ ಹೆಪ್ಪಿನಲ್ಲಿ ಜೀವ ಇರಲಿಲ್ಲ. ರುಚಿ ಸ್ವಲ್ಪ ಸಿಹಿ ಇರುತ್ತದೆ, ಯಾಕಂದರೆ ಒಡೆದ ಸಕ್ಕರೆ ಲ್ಯಾಕ್ಟೋಸ್‌ಗಿಂತ ಸಿಹಿ. ಮೊಸರನ್ನಕ್ಕೆ ಅದು ಚೆನ್ನ. ಮಜ್ಜಿಗೆಹುಳಿಗೆ ಮಾತ್ರ ಇನ್ನೂ ಅರ್ಧ ದಿನ ಹೊರಗಿಟ್ಟು ಹುಳಿ ಬರಿಸಿಕೊಳ್ಳಿ.

ಇದೇ ಸಿಹಿಯಿಂದಾಗಿ ಶ್ಯಾವಿಗೆ ಪಾಯಸಕ್ಕೆ ಸಕ್ಕರೆ ಕಾಲು ಭಾಗ ಕಡಿಮೆ ಹಾಕಿ. ಜಾಸ್ತಿ ಹೊತ್ತು ಕುದಿಸಿದರೆ ಹಾಲು ಕೆಂಪಾಗಿ ಬಾಸುಂದಿ ಬಣ್ಣಕ್ಕೆ ತಿರುಗುತ್ತದೆ. ಕೆಟ್ಟಿದೆ ಅಂತ ಚೆಲ್ಲಬೇಡಿ.

ಕಾಫಿಗೆ ಓಟ್ಸ್ ಹಾಲು ಕೇಳುವವರು ತುಂಬ ಜನ. ಡಿಕಾಕ್ಷನ್ ಹುಳಿ, ಬಿಸಿ. ಅದರಲ್ಲಿ ಸೋಯಾ, ಬಾದಾಮಿ ಹಾಲು ಒಡೆದು ತರಿತರಿಯಾಗುತ್ತದೆ. 'ಬರಿಸ್ತಾ' ಅಂತ ಬರೆದ ಓಟ್ಸ್ ಹಾಲು ಒಡೆಯದ ಹಾಗೆ ಮಾಡಿರುತ್ತಾರೆ. ಅದನ್ನೂ ಕುದಿಸಬೇಡಿ. ಓಟ್ಸಿನ ಪಿಷ್ಟದಿಂದ ಲೋಳೆಯಾಗುತ್ತದೆ. ಬೆಚ್ಚಗೆ ಮಾಡಿ, ಮೇಲಿಂದ ಡಿಕಾಕ್ಷನ್ ಸುರಿಯಿರಿ. ಅದರಲ್ಲಿ ಮೊಸರಿಗೆ ಹೆಪ್ಪು ಹಾಕಲು ಹೋಗಬೇಡಿ, ಗಟ್ಟಿಯಾಗುವ ಹಾಲಿನ ಪ್ರೋಟೀನೇ ಅದರಲ್ಲಿಲ್ಲ. ನನ್ನನ್ನು ಕೇಳಿದರೆ, ನಮ್ಮ ಕಾಫಿಗೆ ಲ್ಯಾಕ್ಟೋಸ್ ಇಲ್ಲದ ಹಸುವಿನ ಹಾಲೇ ಸರಿ. ಕ್ಯಾಲ್ಸಿಯಂ ಕೂಡ ಮಾಮೂಲಿ ಹಾಲಿನಷ್ಟೇ ಇರುತ್ತದೆ. ಸಾವಯವ, ಅಂದರೆ 'ಬಿಯೊ' ಅಂತ ಬರೆದ ಓಟ್ಸ್ ಹಾಲಿಗೆ ಕ್ಯಾಲ್ಸಿಯಂ ಬೆರೆಸಿರುವುದಿಲ್ಲ.

ಹೊರಗಿನ ತಿಂಡಿಯಲ್ಲಿ ಎರಡು ಪದ ನೋಡಿ. 'ಮೋಲ್ಕನ್‌ಪುಲ್ಫರ್' ಅಂದರೆ ಹಾಲೊಡೆದ ನೀರಿನ ಪುಡಿ, 'ಮಾಗರ್‌ಮಿಲ್ಶ್‌ಪುಲ್ಫರ್' ಅಂದರೆ ಕೆನೆ ತೆಗೆದ ಹಾಲಿನ ಪುಡಿ. ಎರಡರಲ್ಲೂ ಅರ್ಧ, ಅರ್ಧಕ್ಕಿಂತ ಜಾಸ್ತಿ ಲ್ಯಾಕ್ಟೋಸೇ. ಚಿಪ್ಸ್, ಸೂಪಿನ ಪುಡಿ, ಕೆಲವು ಬ್ರೆಡ್‌ನಲ್ಲಿಯೂ ಇರುತ್ತವೆ.

ರಾಜ್ಯೋತ್ಸವದ ಊಟಕ್ಕೆ ಹೋಗುವಾಗ ಲ್ಯಾಕ್ಟೇಸ್ ಮಾತ್ರೆ ಜೇಬಿನಲ್ಲಿರಲಿ. ಸೋಪು, ಶಾಂಪೂ ಮಾರುವ ಅಂಗಡಿಗಳಲ್ಲೇ ಚೀಟಿ ಇಲ್ಲದೆ ಸಿಗುತ್ತವೆ. ಮೊದಲ ತುತ್ತಿನ ಜೊತೆ ನುಂಗಬೇಕು. ಹೊಟ್ಟೆ ಕೆಟ್ಟ ಮೇಲೆ ನುಂಗಿದರೆ ಪ್ರಯೋಜನ ಇಲ್ಲ. ಊಟ ಎರಡು ಗಂಟೆ ಎಳೆದು, ಕೊನೆಗೆ ಪೇಡ, ಜಾಮೂನು ಬಂದರೆ ಇನ್ನೊಂದು ಮಾತ್ರೆ ಬೇಕಾಗುತ್ತದೆ. ಖೋವಾದಲ್ಲಿ ಲ್ಯಾಕ್ಟೋಸ್ ಇಂಗಿ ಗಟ್ಟಿಯಾಗಿ ಕೂತಿರುತ್ತದೆ.