ಒಂದು ಎಕರೆ ಅಡಿಕೆಗೆ ಹನಿ ನೀರಾವರಿ: ದೊಡ್ಡಪ್ಪನ ಲೆಕ್ಕ

ಪ್ರಶ್ನೆ: ನಮ್ಮದು ಕೊಡಗಿನಲ್ಲಿ ನಾಲ್ಕು ಎಕರೆ ರೋಬಸ್ಟಾ ಕಾಫಿ, ಕೆಳಗೆ ಗದ್ದೆಯಲ್ಲಿ ಒಂದು ಎಕರೆ ಅಡಿಕೆ ಇದೆ. ನೀರಿಗೆ ಒಂದೇ ಕೆರೆ. ಡ್ರಿಪ್ ಹಾಕಿಸಿದರೆ ಹಾಕಿದ ದುಡ್ಡು ವಾಪಸ್ ಬರುತ್ತದಾ? ಅನುಭವ ಇದ್ದವರು ಹೇಳಿ.

ಅಡಿಕೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಬರುವುದಿಲ್ಲ. ಕಾಫಿಯನ್ನೂ ಸೇರಿಸಿ ನೋಡಿದರೆ ಬರಬಹುದು. ಸಿದ್ದಾಪುರದ ಕಡೆ ನನ್ನ ದೊಡ್ಡಪ್ಪನಿಗೆ ಇರುವುದು ಹೆಚ್ಚುಕಡಿಮೆ ನಿಮ್ಮಷ್ಟೇ ಜಮೀನು, ಅವರಿಗೂ ಒಂದೇ ಕೆರೆ. ಅವರು ತೀರ್ಮಾನಕ್ಕೆ ಬರುವಷ್ಟು ದಿನವೂ ಕಾಗದ ಪೆನ್ನು ಹಿಡಿದು ಪಕ್ಕದಲ್ಲಿ ಕುಳಿತಿದ್ದವನು ನಾನೇ ಆದ್ದರಿಂದ, ಆ ಲೆಕ್ಕ ಹೇಗೆ ಬೆಳೆಯಿತೆಂಬುದನ್ನು ಹೇಳಿದರೆ ನಿಮ್ಮ ಲೆಕ್ಕವನ್ನು ನೀವೇ ಹಾಕಿಕೊಳ್ಳಬಹುದು.

ಹುತ್ತರಿ ಮುಗಿದ ವಾರದಲ್ಲಿ ಡ್ರಿಪ್ ಅಂಗಡಿಯವರು ಬಂದು ಅಳತೆ ತೆಗೆದುಕೊಂಡು 78,000 ರೂಪಾಯಿಯ ಅಂದಾಜು ಕೊಟ್ಟು ಹೋಗಿದ್ದರು. ನೀರು, ಕೂಲಿ ಎರಡೂ ಉಳಿಯುತ್ತವೆ, ಎರಡೇ ವರ್ಷದಲ್ಲಿ ಹಣ ಹಿಂದಿರುಗುತ್ತದೆ ಎಂಬುದು ಅವರ ಮಾತು. ದೊಡ್ಡಪ್ಪ ಆ ಹಾಳೆಯನ್ನು ನನ್ನ ಕೈಗಿಟ್ಟು, "ನೀನೇ ಓದಿ ಹೇಳು ಮಗ, ಕೂಲಿ ಎಷ್ಟು ಉಳಿಯುತ್ತದೆಂದು ಇದರಲ್ಲಿ ಎಲ್ಲಿಯೂ ಬರೆದಿಲ್ಲ," ಎಂದರು. ನಾವು ಮೊದಲು ಅದನ್ನೇ ಬರೆದೆವು. ಅವರ ಗದ್ದೆಯಲ್ಲಿ 500 ಅಡಿಕೆ ಮರಗಳಿವೆ. ಜನವರಿಯಿಂದ ಏಪ್ರಿಲ್ ನಡುವಿನವರೆಗೆ ವಾರಕ್ಕೊಮ್ಮೆಯಂತೆ ಹದಿನೈದು ಸುತ್ತು ಪೈಪು ಹಿಡಿದು ನೀರು ಬಿಡುತ್ತಿದ್ದರು, ಒಂದು ಸುತ್ತಿಗೆ ಒಬ್ಬ ಆಳಿನ ಎರಡು ದಿನ ಹಿಡಿಯುತ್ತಿತ್ತು. ದಿನಕ್ಕೆ 600 ರೂಪಾಯಿಯಂತೆ ಅದು 18,000 ರೂಪಾಯಿ. ಡ್ರಿಪ್ ಹಾಕಿದ ಮೇಲೆಯೂ ವಾರಕ್ಕೆ ಅರ್ಧ ದಿನ ಸಾಲುಸಾಲಾಗಿ ನಡೆದು ನೋಡಲೇಬೇಕಾಗಿರುವುದರಿಂದ ನಿಜವಾಗಿ ಉಳಿಯುವುದು 13,500. ಅದರಲ್ಲಿ ಪೈಪು, ಡ್ರಿಪ್ಪರ್, ಫಿಲ್ಟರಿನ ವಾರ್ಷಿಕ ರಿಪೇರಿಗೆ 6,000 ಕಳೆದರೆ ಕೈಗೆ ಬರುವುದು 7,500 ಮಾತ್ರ. ಮರಗಳ ಸಾಲಿನುದ್ದಕ್ಕೂ ಎಳೆಯುವ, ಏಳೆಂಟು ವರ್ಷ ಬಾಳುವ ಲ್ಯಾಟರಲ್ ಪೈಪಿನ ಮೇಲೆ ಹಾಕಿದ ಹಣ ಹಿಂದಿರುಗಲು ಹತ್ತು ವರ್ಷಕ್ಕಿಂತ ಹೆಚ್ಚು ಬೇಕು. ಗದ್ದೆಯ ಮಣ್ಣು ಮೊದಲೇ ತೇವದ್ದು, ವಾರಕ್ಕೊಮ್ಮೆ ನೀರು ಸಿಗುತ್ತಲೂ ಇತ್ತು, ಆದ್ದರಿಂದ ಅಡಿಕೆಯ ಇಳುವರಿ ಹೆಚ್ಚಾಗಬಹುದೆಂಬ ಆಸೆಗೆ ದೊಡ್ಡಪ್ಪ ಸೊನ್ನೆಯನ್ನೇ ಬರೆಸಿದರು. "ಬಂದರೆ ಬರಲಿ, ಅದನ್ನು ನಂಬಿ ಸಾಲ ಮಾಡುವುದು ಬೇಡ," ಎಂದರು. ಆ ದಿನ ಅಂದಾಜಿನ ಹಾಳೆ ಕಪಾಟು ಸೇರಿತು.

ಅದು ಮತ್ತೆ ಹೊರಬಂದದ್ದು ಕೆರೆಯ ಲೆಕ್ಕದಿಂದ. ಕಾಫಿಗೆ ಡ್ರಿಪ್ಪಿನಿಂದ ಹೂ ಬಿಡಿಸುವ ಯೋಚನೆ ನಿಮಗಿದ್ದರೆ ಬಿಟ್ಟುಬಿಡಿ. ರೋಬಸ್ಟಾದ ಮೊಗ್ಗು ಒಮ್ಮೆಗೇ ಒಡೆಯಬೇಕಾದರೆ ಗಿಡವೂ ನೆಲವೂ ಇಡಿಯಾಗಿ ನೆನೆಯಬೇಕು, ಆದ್ದರಿಂದ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರೇ ಗತಿ. ಹೂವಿಗೆ ಒಂದು, ಒಂದೂವರೆ ಇಂಚು ನೀರು ಕೊಟ್ಟ ಮೇಲೆ ಹದಿನೈದು ಇಪ್ಪತ್ತು ದಿನಗಳಲ್ಲಿ ಬ್ಯಾಕಿಂಗ್ ಎಂದು ಇನ್ನೊಂದು ನೀರು ಬೇಕು. ಅದು ಆಕಾಶದಿಂದಲೂ ಬಾರದೆ ಕೆರೆಯಿಂದಲೂ ಬಾರದೆ ಹೋದರೆ ಕಟ್ಟಿದ ಪಿಂದೆ ಉದುರುತ್ತದೆ. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1.03 ಲಕ್ಷ ಲೀಟರ್ ಎಂಬುದೊಂದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ನಾವು ಕೆರೆಯನ್ನು ಅಳೆದೆವು. ಮೇಲೆ 80 ಅಡಿ ಉದ್ದ, 60 ಅಡಿ ಅಗಲ, ಆಳ ಹತ್ತು ಅಡಿ, ಆದರೆ ದಡಗಳು ಒಳಕ್ಕೆ ಇಳಿಜಾರಾಗಿರುವುದರಿಂದ ತುಂಬಿದಾಗ ಹಿಡಿಯುವುದು ಸುಮಾರು 9 ಲಕ್ಷ ಲೀಟರ್. ಒರತೆಯ ನೀರು ತಿಳಿಯಲು ಇಂಚಿನ ಗೆರೆ ಹಾಕಿದ ಬಿದಿರನ್ನು ಕೆರೆಯಲ್ಲಿ ನೆಟ್ಟು, ಪಂಪು ಹಾಕದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ನೀರು ಎಷ್ಟು ಏರಿತೆಂದು ಜನವರಿಯಲ್ಲೊಮ್ಮೆ, ಮಾರ್ಚಿನಲ್ಲೊಮ್ಮೆ ಬರೆದುಕೊಂಡೆವು. ಹಾಗೆ ಅಳೆದರೆ ಆವಿಯಾದದ್ದು ತಾನಾಗಿಯೇ ಕಳೆದಿರುತ್ತದೆ. ಒರತೆಯಿಂದ ಏಪ್ರಿಲ್ ನಡುವಿನವರೆಗೆ ಇನ್ನೊಂದು 8 ಲಕ್ಷ ಬರುತ್ತದೆಂದು ತಿಳಿಯಿತು. ಒಟ್ಟು 17 ಲಕ್ಷ ಲೀಟರ್. ಅಡಿಕೆಗೆ ಮರಕ್ಕೆ 175 ಲೀಟರಿನಂತೆ ಹದಿನೈದು ಸುತ್ತು ಪೈಪಿನ ನೀರು ಬಿಟ್ಟರೆ ಅದೊಂದೇ 13 ಲಕ್ಷ ಕುಡಿಯುತ್ತಿತ್ತು. ಉಳಿದ 4 ಲಕ್ಷದಲ್ಲಿ ನಾಲ್ಕು ಎಕರೆ ಕಾಫಿಗೆ ಒಂದಿಂಚು ಹೂವಿನ ನೀರೇ ಪೂರ್ತಿಯಾಗದು, ಬ್ಯಾಕಿಂಗಿನ ಮಾತು ಎಲ್ಲಿಂದ ಬಂತು! ಪ್ರತಿ ವರ್ಷ ಮಾರ್ಚಿನಲ್ಲಿ ದೊಡ್ಡಪ್ಪ ಜಗಲಿಯಲ್ಲಿ ಕುಳಿತು ಮೋಡ ನೋಡುತ್ತಿದ್ದುದರ ಕಾರಣ ನನಗೆ ಅಂದು ಅರ್ಥವಾಯಿತು.

ಡ್ರಿಪ್ಪಿನಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16 ಲೀಟರ್ ಸಾಕಾಗುತ್ತದೆ. ಮರಕ್ಕೆರಡರಂತೆ ಗಂಟೆಗೆ ನಾಲ್ಕು ಲೀಟರಿನ ಡ್ರಿಪ್ಪರ್ ಇಟ್ಟರೆ ಎರಡು ಗಂಟೆಯ ಕೆಲಸ. ನೂರೈದು ದಿನಕ್ಕೆ 500 ಮರಗಳಿಗೆ ಬೇಕಾಗುವುದು 8.4 ಲಕ್ಷ. ಆಗ ಕಾಫಿಗೆ 8.6 ಲಕ್ಷ ಉಳಿಯುತ್ತದೆ. ನಾಲ್ಕು ಎಕರೆಗೂ ಒಂದೂಕಾಲು ಇಂಚು ಹೂವಿನ ನೀರು ಕೊಟ್ಟು, ಬ್ಯಾಕಿಂಗಿಗೆ ಮುಕ್ಕಾಲು ಇಂಚಿಗಿಂತ ತುಸು ಹೆಚ್ಚೇ ಕೊಡಬಹುದು. ಅಡಿಕೆಗೆ ಹಾಕುವ ಡ್ರಿಪ್ಪಿನ ಫಲ ಸಿಗುವುದು ಕಾಫಿ ಕಣದಲ್ಲಿ. ಆದರೆ ಎರಡು ಗಂಟೆಗೆ ಗೇಟ್ ವಾಲ್ವ್ ತಿರುಗಿಸುವುದನ್ನು ಮರೆತು ರಾತ್ರಿಯೆಲ್ಲ ಬಿಟ್ಟರೆ ಪೈಪು ಹಿಡಿದ ಕಾಲಕ್ಕಿಂತ ಕೆಟ್ಟದಾಗುತ್ತದೆ.

ಇಷ್ಟಾದರೂ ಆ ಕಾಫಿ ಲಾಭ ಪ್ರತಿ ವರ್ಷ ಬರುವಂಥದಲ್ಲ. ಸಮಯಕ್ಕೆ ಸರಿಯಾಗಿ ಮಳೆ ಬಿದ್ದ ವರ್ಷ ಕೆರೆಯಲ್ಲಿ ಉಳಿದ ನೀರಿಗೆ ಬೆಲೆಯೇ ಇಲ್ಲ. ಇಲ್ಲಿ ನೆರವಿಗೆ ಬಂದದ್ದು ದೊಡ್ಡಪ್ಪನ ಮಳೆ ಪುಸ್ತಕ. ನಮ್ಮ ಕಡೆಯ ಹಳೆಯ ಬೆಳೆಗಾರರಂತೆ ಅವರೂ ಅಂಗಳದಲ್ಲಿ ಮಳೆ ಮಾಪಕವಿಟ್ಟು ದಿನವೂ ಸೆಂಟುಗಳಲ್ಲಿ, ಅಂದರೆ ಇಂಚಿನ ನೂರರಲ್ಲೊಂದು ಭಾಗದ ಲೆಕ್ಕದಲ್ಲಿ, ಬರೆದಿಡುತ್ತಾರೆ. ಹನ್ನೆರಡು ವರ್ಷಗಳ ಪುಟ ತಿರುವಿದಾಗ ನಾಲ್ಕು ವರ್ಷ ಬ್ಯಾಕಿಂಗ್ ಮಳೆ ಬಂದೇ ಇರಲಿಲ್ಲ. ಆ ನಾಲ್ಕು ವರ್ಷಗಳಲ್ಲಿ ಸಿಪ್ಪೆಸಮೇತ ಒಣಗಿಸಿದ ಚೆರಿ ಕಾಫಿ ಉಳಿದ ವರ್ಷಗಳಿಗಿಂತ ಸರಾಸರಿ 18 ಚೀಲ ಕಡಿಮೆ. ಬೆಲೆಯನ್ನು ಮಾರುಕಟ್ಟೆಯ ಏರುಗಾಲದ್ದನ್ನು ಹಿಡಿಯದೆ 50 ಕಿಲೋ ಚೀಲಕ್ಕೆ 5,000 ಎಂದೇ ಬರೆದು, ಕೊಯ್ಲು ಮತ್ತು ಒಣಗಿಸುವ ಖರ್ಚೆಂದು ಸಾವಿರ ಕಳೆದೆವು. 18 ಚೀಲಕ್ಕೆ 72,000 ರೂಪಾಯಿ, ಮೂರು ವರ್ಷಕ್ಕೊಮ್ಮೆ ಎಂದರೆ ವರ್ಷಕ್ಕೆ 24,000.

ಅಷ್ಟರಲ್ಲಿ ಖರ್ಚೂ ಏರಿತು. ಕೆರೆಯ ಅಂಚಿನಲ್ಲಿ ತುಕ್ಕು ಬಣ್ಣದ ಲೋಳೆ ಕಂಡಿತ್ತು, ನೀರಿನ ಮೇಲೆ ಎಣ್ಣೆಯಂತಹ ಪೊರೆಯೂ ಇತ್ತು. ಕೋಲಿನಿಂದ ತಟ್ಟಿದರೆ ಅದು ಚೂರುಚೂರಾಗಿ ಒಡೆಯುತ್ತಿತ್ತು, ನಿಜವಾದ ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಅದು ಕಬ್ಬಿಣದ ಅಂಶದ ಗುರುತು. ಗಾಜಿನ ಬಾಟಲಿಯಲ್ಲಿ ಒರತೆಯ ನೀರು ತುಂಬಿ ಬಾಯಿ ತೆರೆದು ಒಂದು ರಾತ್ರಿ ಇಟ್ಟೆವು, ಬೆಳಿಗ್ಗೆ ತಳದಲ್ಲಿ ಕೆಂಪು ಗಷ್ಟು ಕುಳಿತಿತ್ತು. ಕರಗಿದ ಕಬ್ಬಿಣವನ್ನು ಮರಳಿನ ಫಿಲ್ಟರ್ ತಡೆಯುವುದಿಲ್ಲ, ಅದು ಡ್ರಿಪ್ಪರಿನೊಳಗೆ ಹೋಗಿ ಗಾಳಿ ಸೋಕಿದಾಗ ಗಟ್ಟಿಯಾಗಿ ಕೂರುತ್ತದೆ. ಅಂಗಡಿಯವರ ಅಂದಾಜಿನಲ್ಲಿ ಇದರ ಸುದ್ದಿಯೇ ಇರಲಿಲ್ಲ. ಗದ್ದೆಯಿಂದ ಸುಮಾರು 40 ಅಡಿ ಮೇಲಿನ ಇಳಿಜಾರಿನಲ್ಲಿ ಹೊಂಡ ತೆಗೆಸಿ, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಕೆರೆಯ ನೀರನ್ನು ತೂತು ಕೊರೆದ ಪೈಪಿನಿಂದ ಮಳೆಯಂತೆ ಅದಕ್ಕೆ ಬೀಳಿಸಿ ರಾತ್ರಿ ತಿಳಿಯಾಗಲು ಬಿಡುವುದೆಂದಾಯಿತು. ಅದಕ್ಕೆ 12,000. ಅಲ್ಲಿಂದ ಮುಂದೆ ನೀರು ಇಳಿಜಾರಿನ ಒತ್ತಡದಲ್ಲೇ ಫಿಲ್ಟರ್ ದಾಟಿ ಗದ್ದೆಗೆ ಹರಿಯುವುದರಿಂದ, ಬೆಳಿಗ್ಗೆ ಕರೆಂಟ್ ಇಲ್ಲದಿದ್ದರೂ ಡ್ರಿಪ್ ನಿಲ್ಲುವುದಿಲ್ಲ.

ಒಟ್ಟು 90,000 ರೂಪಾಯಿ. ಒಣ ವರ್ಷ ಮೂರಕ್ಕೊಂದಾದರೆ ವರ್ಷಕ್ಕೆ 31,500 ಬಂದು ಮೂರು ವರ್ಷದೊಳಗೆ ತೀರುತ್ತದೆ. ಐದಕ್ಕೊಂದೇ ಆದರೂ ನಾಲ್ಕು ವರ್ಷ ದಾಟುತ್ತಿದ್ದಂತೆ ತೀರುತ್ತದೆ. ಎರಡನೆಯ ಲೆಕ್ಕ ನೋಡಿದ ಮೇಲೆಯೇ ದೊಡ್ಡಪ್ಪ ಒಪ್ಪಿದ್ದು. ಸಹಾಯಧನವನ್ನು ಬೇಕೆಂದೇ ಸೇರಿಸಿರಲಿಲ್ಲ. ಅದು ನಿಗದಿತ ಘಟಕ ವೆಚ್ಚದ ಮೇಲೆ ಲೆಕ್ಕವಾಗುತ್ತದೆಯೇ ಹೊರತು ನಿಮ್ಮ ಬಿಲ್ಲಿನ ಮೇಲಲ್ಲ, ಹೊಂಡದಂತಹ ಖರ್ಚು ಅದರಲ್ಲಿ ಬರುವುದೂ ಇಲ್ಲ. ಅರ್ಜಿ ಹಾಕುವುದಾದರೆ ಪೈಪು ಕೊಳ್ಳುವ ಮೊದಲೇ ತೋಟಗಾರಿಕೆ ಇಲಾಖೆಯಲ್ಲಿ ಹಾಕಿ.

ಮೊದಲ ವರ್ಷ ಮಾರ್ಚಿನಲ್ಲಿ ಮಳೆ ಹೇಳಿ ಕಳಿಸಿದಂತೆ ಬಂತು, ಹದಿನೆಂಟನೆಯ ದಿನಕ್ಕೆ ಬ್ಯಾಕಿಂಗೂ ಬಿತ್ತು. ಕೆರೆ ಅರ್ಧ ತುಂಬಿಯೇ ಇತ್ತು. ಮೇ ತಿಂಗಳಲ್ಲಿ ಒಂದು ಆನೆ ಗದ್ದೆಗಿಳಿದು ಆರು ಸಾಲು ಲ್ಯಾಟರಲ್ ತುಳಿದು ಹೋಯಿತು, ಅದಕ್ಕೆ 4,000. ಪುಸ್ತಕದಲ್ಲಿ ದೊಡ್ಡಪ್ಪ ಕಾಫಿಯ ಎದುರು ಸೊನ್ನೆ ಬರೆದು, ಆ ವರ್ಷದ ಉಳಿತಾಯ 3,500 ಎಂದು ಬರೆದರು. ದೊಡ್ಡಮ್ಮ, "ಇದಕ್ಕಾಗಿಯೇ ಇಷ್ಟು ದಿನ ಚಾವಡಿಯಲ್ಲಿ ಕೂತು ಲೆಕ್ಕ ಹಾಕಿದ್ದಾ?" ಎಂದು ನಮ್ಮಿಬ್ಬರನ್ನೂ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಎರಡನೆಯ ವರ್ಷ ಫೆಬ್ರವರಿ ಕೊನೆಗೆ ಸ್ಪ್ರಿಂಕ್ಲರಿನಲ್ಲಿ ಹೂ ಬಿಡಿಸಿದ ಮೇಲೆ ಮೋಡವೇ ಕಟ್ಟಲಿಲ್ಲ. ಹತ್ತೊಂಬತ್ತನೆಯ ದಿನ ಕೆರೆಯಿಂದಲೇ ಬ್ಯಾಕಿಂಗ್ ಕೊಟ್ಟರು. ನಡುವೆ ಒಂದು ಎಡವಟ್ಟು ಆಗುವುದರಲ್ಲಿತ್ತು. ಗದ್ದೆಯ ಕೊನೆಯ ಸಾಲಿನ ಸೋಗೆ ಬಾಡಿದಂತೆ ಕಂಡಾಗ ಡ್ರಿಪ್ಪರಿನ ಕೆಳಗೆ ಚೊಂಬು ಇಟ್ಟು ಹತ್ತು ನಿಮಿಷ ಹಿಡಿದೆವು. ಮೊದಲ ಸಾಲಿನಲ್ಲಿ ಸುಮಾರು 650 ಮಿಲಿಲೀಟರ್ ಬಿದ್ದರೆ ಕೊನೆಯಲ್ಲಿ 400 ಕೂಡ ಬೀಳಲಿಲ್ಲ. ಲ್ಯಾಟರಲಿನ ತುದಿಯ ಎಂಡ್ ಕ್ಯಾಪ್ ತೆಗೆದು ನೀರು ಬಿಟ್ಟಾಗ ಕೆಂಪು ಕೆಸರು ಹೊರಬಂತು. ಹೊಂಡದ ತಳವನ್ನು ತೊಳೆಯದೆ ಬಿಟ್ಟಿದ್ದೇ ಕಾರಣ, ಈಗ ತಿಂಗಳಿಗೊಮ್ಮೆ ತೊಳೆಯುತ್ತಾರೆ. ಆ ವರ್ಷ ಕಾಫಿ, ಹಿಂದಿನ ಒಣ ವರ್ಷಗಳಿಗಿಂತ 14 ಚೀಲ ಹೆಚ್ಚು ಬಂತು, ನಾವು ಬರೆದಿದ್ದ 18 ಬರಲಿಲ್ಲ. ಖರ್ಚು ಕಳೆದು 56,000, ಕೂಲಿಯಲ್ಲಿ ಉಳಿದದ್ದೂ ಸೇರಿ 63,500. ಎರಡು ವರ್ಷದ್ದನ್ನು ಕೂಡಿ 90,000ದಲ್ಲಿ ಕಳೆದರೆ ಇನ್ನೂ 23,000 ಬಾಕಿ ಇದೆ, ಈ ವರ್ಷದ ಮಳೆ ಪುಸ್ತಕದಲ್ಲಿ ಮಾರ್ಚಿನ ಪುಟ ಇನ್ನೂ ಖಾಲಿ.