‘ಸ್ಥಗಿತಗೊಳಿಸಲಾಗುವುದು’ ಅಂದರೆ ಯಾರು ನಿಲ್ಲಿಸುವುದು?

ಪ್ರಶ್ನೆ: ಮಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ನೋಟಿಸುಗಳನ್ನು ಈಗ ನಾನು ಬರೆಯಬೇಕು. ಹಳೆಯವೆಲ್ಲ ಸರಕಾರಿ ಆದೇಶದ ಹಾಗಿವೆ, ಯಾರೂ ಓದುವುದಿಲ್ಲ. ಭಾರದ ಸಂಸ್ಕೃತ ಪದ ತೆಗೆದು ಸಹಜವಾಗಿ ಬರೆಯುವುದು ಹೇಗೆ?

ನಾನೂ ಇಲ್ಲಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾರ್ಯದರ್ಶಿಯಾಗಿದ್ದೆ. ಪದ ಬದಲಿಸುವ ಮೊದಲು ಕ್ರಿಯಾಪದ ನೋಡಿ ಅಂತ ನನಗೆ ಗೊತ್ತಾದದ್ದು ಒಂದು ಎಡವಟ್ಟು ಮಾಡಿಕೊಂಡ ಮೇಲೆ. ನನ್ನ ಕೈಗೆ ಬಂದ ಹಳೆಯ ನೋಟಿಸು ಹೀಗಿತ್ತು:

“ಈ ಮೂಲಕ ಸಮಸ್ತ ನಿವಾಸಿಗಳಿಗೆ ತಿಳಿಯಪಡಿಸುವುದೇನೆಂದರೆ, ಜಲಸಂಗ್ರಹಣಾ ತೊಟ್ಟಿಯ ಶುಚಿತ್ವ ಕಾರ್ಯ ಕೈಗೊಳ್ಳಲಾಗುತ್ತಿರುವ ಪ್ರಯುಕ್ತ ಭಾನುವಾರ ಪೂರ್ವಾಹ್ನ 9ರಿಂದ ಅಪರಾಹ್ನ 3ರವರೆಗೆ ನೀರು ಸರಬರಾಜನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಗುವುದು. ಅಗತ್ಯ ಪ್ರಮಾಣದ ನೀರನ್ನು ಮುಂಚಿತವಾಗಿ ಶೇಖರಿಸಿಟ್ಟುಕೊಂಡು ಸಹಕರಿಸಬೇಕಾಗಿ ವಿನಂತಿ.”

ನಾನು ದೊಡ್ಡ ಪದಗಳನ್ನು ಮಾತ್ರ ಹೆಕ್ಕಿ ತೆಗೆದೆ. ‘ಸ್ಥಗಿತಗೊಳಿಸಲಾಗುವುದು’ ಇದ್ದಲ್ಲಿ ‘ನಿಲ್ಲಿಸಲಾಗುವುದು’ ಹಾಕಿದೆ. ತೊಟ್ಟಿಯ ವಿಷಯ ಉದ್ದವಾಯಿತು ಅಂತ ಅದನ್ನೇ ಬಿಟ್ಟೆ. ಅದು ಏಪ್ರಿಲ್ ತಿಂಗಳು. ತುಂಬೆ ಡ್ಯಾಂನಲ್ಲಿ ನೀರು ಕಮ್ಮಿ ಆದರೆ ಇಡೀ ಊರಿಗೇ ಚಿಂತೆ, ಅಲ್ವಾ? ಓದಿದವರು ಕಾರ್ಪೊರೇಷನ್‌ನವರೇ ನೀರು ನಿಲ್ಲಿಸುತ್ತಾರೆ ಅಂದುಕೊಂಡರು. ಇಬ್ಬರು ಟ್ಯಾಂಕರಿಗೂ ಫೋನ್ ಮಾಡಿದರು.

ತಪ್ಪು ಆ ‘-ಲಾಗುವುದು’ ಅನ್ನುವ ಬಾಲದ್ದು. ಅದು ಬಂದ ಕೂಡಲೇ ಕೆಲಸ ಮಾಡುವವರು ಮಾಯವಾಗುತ್ತಾರೆ. ನಾವು ಮನೆಯಲ್ಲಿ ‘ಅನ್ನ ಬಡಿಸಲಾಗುವುದು’ ಅನ್ನುವುದಿಲ್ಲ. ಕೆಲಸ ನಮ್ಮದಾದರೆ ‘ಮಾಡುತ್ತೇವೆ’, ಓದುವವರದ್ದಾದರೆ ‘ಮಾಡಿ’. ‘ಶುಚಿತ್ವ ಕಾರ್ಯ ಕೈಗೊಳ್ಳು’ ಅನ್ನುವ ಮೂರು ಪದದೊಳಗೆ ಇರುವುದು ‘ತೊಳೆ’ ಅನ್ನುವ ಒಂದೇ ಕ್ರಿಯೆ. ಅದನ್ನು ಹೊರಗೆಳೆದರೆ ಉಳಿದ ಭಾರ ತಾನಾಗಿ ಬೀಳುತ್ತದೆ. ಕೊನೆಗೆ ನಾನು ಬರೆದದ್ದು ಇಷ್ಟು:

“ಭಾನುವಾರ ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ನೀರು ಬರುವುದಿಲ್ಲ. ನಮ್ಮ ಮೇಲಿನ ಟ್ಯಾಂಕ್ ತೊಳೆಸುತ್ತಿದ್ದೇವೆ. ದಯವಿಟ್ಟು ಬೇಕಾದಷ್ಟು ನೀರನ್ನು ಶನಿವಾರ ರಾತ್ರಿಯೇ ತುಂಬಿಸಿಟ್ಟುಕೊಳ್ಳಿ.”

‘ತಾತ್ಕಾಲಿಕವಾಗಿ’ ಎಲ್ಲಿ ಹೋಯಿತು ಅಂತ ಕೇಳಬಹುದು. 3 ಗಂಟೆಯವರೆಗೆ ಅಂದ ಮೇಲೆ ಅದು ಬೇಡ. ‘ಮುಂಚಿತವಾಗಿ’ ಹೋಗಿ ‘ಶನಿವಾರ ರಾತ್ರಿಯೇ’ ಬಂದಿದೆ, ಅದು ಇನ್ನೂ ಸ್ಪಷ್ಟ. ಪೂರ್ವಾಹ್ನ, ಅಪರಾಹ್ನ ನಮ್ಮ ಕರಾವಳಿಯ ಆಮಂತ್ರಣ ಪತ್ರಿಕೆಗಳಲ್ಲಿ ಮಾಮೂಲಿ. ಆದರೆ ಬಾಡಿಗೆಗೆ ಬಂದ ಹೊರಗಿನವರು ‘ಅಪರಾಹ್ನ ಅಂದ್ರೆ ಎಷ್ಟೊತ್ತಿಗೆ?’ ಅಂತ ಕೇಳಿದ್ದುಂಟು.

ನಮ್ಮ ಅಧ್ಯಕ್ಷರಿಗೆ ಇದು ಒಪ್ಪಿಗೆಯಾಗಲಿಲ್ಲ. “ಮಾರಾಯ್ರೆ, ಮರ್ಯಾದೆ ಕಮ್ಮಿ ಆಯ್ತಲ್ಲ” ಅಂದರು. ಕನ್ನಡದಲ್ಲಿ ಮರ್ಯಾದೆ ಇರುವುದು ‘ಇಟ್ಟುಕೊಳ್ಳಿ’ ಅನ್ನುವುದರ ಕೊನೆಯ ‘ಇ’ಯಲ್ಲೇ. ಜೊತೆಗೆ ಒಂದು ‘ದಯವಿಟ್ಟು’ ಇದ್ದರೆ ಸಾಕು.

ಇನ್ನು ಪದಗಳ ವಿಷಯ. ಸಂಸ್ಕೃತದ್ದು ಅಂತ ಕಂಡದ್ದನ್ನೆಲ್ಲ ಕಿತ್ತು ಹಾಕಬೇಡಿ. ಸಭೆ, ಸದಸ್ಯ, ಸಮಯ ಎಲ್ಲವೂ ಅಲ್ಲಿಂದಲೇ ಬಂದವು, ಆದರೆ ಯಾರಿಗೂ ಭಾರ ಅನ್ನಿಸುವುದಿಲ್ಲ. ‘ಟ್ಯಾಂಕ್’ ತೆಗೆದು ‘ನೀರ್ದೊಟ್ಟಿ’ ಅಂತ ಹೊಸದು ಕಟ್ಟಿದರೆ ಅದೂ ಇನ್ನೊಂದು ಬಗೆಯ ಭಾರವೇ. ಹಣದ ವಿಷಯಕ್ಕೆ ಹಗುರ ಪದಗಳು ಹೆಚ್ಚಾಗಿ ಪಾರಸಿ, ಅರಬಿ ಕಡೆಯಿಂದ ಬಂದವು: ಬಾಕಿ, ರಶೀದಿ, ಜಮೆ, ರದ್ದು. ‘ಪಾವತಿಸತಕ್ಕದ್ದು’ ಬದಲು ‘ಕಟ್ಟಬೇಕು’ ಅನ್ನಿ. ‘ಕಟ್ಟಿದರೆ ಒಳ್ಳೆಯದು’ ಅಂತ ಮಾತ್ರ ಮಾಡಬೇಡಿ. ‘ತಕ್ಕದ್ದು’ ಅಂದರೆ ಕಡ್ಡಾಯ, ಪದ ಹಗುರವಾದರೂ ಆ ಕಡ್ಡಾಯ ಉಳಿಯಬೇಕು.

ನನಗೆ ಇರುವ ಒಂದೇ ಪರೀಕ್ಷೆ ವಾಚ್‌ಮನ್. ನಮ್ಮವರ ಮನೆಮಾತು ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. ನೋಟಿಸು ಅಂಟಿಸುವ ಮೊದಲು ಅವರಿಗೆ ಓದಿ ಹೇಳಿ, ಏನು ಅರ್ಥವಾಯಿತು ಅಂತ ಕೇಳುತ್ತಿದ್ದೆ. ಅವರು ತಿರುಗಿ ಹೇಳುವಾಗ ಯಾವ ಪದ ಬದಲಾಗುತ್ತದೋ ಅದೇ ನನಗೆ ಬೇಕಾದ ಪದ. ‘ತೊಳೆಸುತ್ತಿದ್ದೇವೆ’ ಸಿಕ್ಕಿದ್ದು ಹಾಗೆ. ನಾನು ‘ಸ್ವಚ್ಛಗೊಳಿಸುತ್ತಿದ್ದೇವೆ’ ಅಂತ ಬರೆದಿದ್ದೆ.

‘ವಾರ್ಷಿಕ ಮಹಾಸಭೆ’ಯನ್ನು ಮಾತ್ರ ಮುಟ್ಟಬೇಡಿ. ನಿಮ್ಮ ಸಂಘದ ಬೈಲಾದಲ್ಲಿ ಆ ಹೆಸರು ಇದ್ದರೆ ನೋಟಿಸಿನಲ್ಲೂ ಅದೇ ಇರಲಿ. ಇಲ್ಲದಿದ್ದರೆ ನಾಳೆ ಯಾರಾದರೂ ‘ಇದು ಆ ಸಭೆಯೇ ಅಲ್ಲ’ ಅಂತ ತಕರಾರು ತೆಗೆಯಬಹುದು. ಅದರ ಕೆಳಗೆ ಬೇಕಾದರೆ ನಮ್ಮೂರ ಮಾತಿನಲ್ಲೇ ಒಂದು ಸಾಲು ಸೇರಿಸಿ: “ಸಭೆ ಮುಗಿದ ಮೇಲೆ ಚಹಾ ಉಂಟು.”