ಎಪ್ಪತ್ತಾರರ ತಂದೆಗೆ ಎಷ್ಟು ಕಿಮೋ?

ಓದುಗರ ಪತ್ರ: ನನ್ನ ತಂದೆಗೆ 76 ವರ್ಷ, ತೂಕ 54 ಕೆ.ಜಿ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ, ಮೂರನೇ ಹಂತ ಎಂದರು. ಒಬ್ಬ ಡಾಕ್ಟರು ಎರಡು ಔಷಧಿಯ ಕಿಮೋ ಬೇಕೇ ಬೇಕು ಎನ್ನುತ್ತಾರೆ, ಇನ್ನೊಬ್ಬರು ಈ ವಯಸ್ಸಿಗೆ ಏನೂ ಬೇಡ ಎನ್ನುತ್ತಾರೆ. ಅಪ್ಪ ಓಡಾಡಿಕೊಂಡೇ ಇದ್ದಾರೆ. ಕಿವಿ ಸ್ವಲ್ಪ ಮಂದ. ಐದು ತಿಂಗಳ ಹಿಂದೆ ಒಮ್ಮೆ ಬಚ್ಚಲಲ್ಲಿ ಬಿದ್ದಿದ್ದರು. ಹಿಮೋಗ್ಲೋಬಿನ್ 11.4, ಕ್ರಿಯಾಟಿನಿನ್ 1.2. ಯಾರ ಮಾತು ಕೇಳಲಿ?

ಸಂಪಾದಕರ ಉತ್ತರ: ಇಬ್ಬರೂ ವಯಸ್ಸನ್ನೇ ಹಿಡಿದುಕೊಂಡು ವಾದಿಸುತ್ತಿರುವ ಹಾಗಿದೆ. ಉತ್ತರ ಇರುವುದು ನೀವು ಪತ್ರದ ಕೊನೆಯಲ್ಲಿ ಸುಮ್ಮನೆ ಸೇರಿಸಿದ ವಿವರಗಳಲ್ಲಿ. ಅವನ್ನು ಕ್ರಮವಾಗಿ ಕೇಳಿ, ಅಳೆದು ನೋಡುವುದಕ್ಕೇ ಜೀರಿಯಾಟ್ರಿಕ್ ಅಸೆಸ್‌ಮೆಂಟ್ ಎನ್ನುತ್ತಾರೆ. 65 ದಾಟಿದವರಿಗೆ ಕಿಮೋ ಶುರುಮಾಡುವ ಮೊದಲು ಇದನ್ನು ಮಾಡಬೇಕು. "ಓಡಾಡಿಕೊಂಡಿದ್ದಾರೆ" ಎನ್ನುವುದು ಸಾಲದು. ಕಿಮೋವನ್ನು ಯಾರ ಮೈ ತಡೆಯುವುದಿಲ್ಲ ಎಂಬುದು ಆ ಮಾತಿನಿಂದ ತಿಳಿಯುವುದಿಲ್ಲ.

ಇದರಲ್ಲಿ ಕಿಮೋದ ಅಪಾಯವನ್ನು ಅಂದಾಜು ಮಾಡುವ 'ಕಾರ್ಗ್' ಎಂಬ ಅಂಕಪಟ್ಟಿ ಇದೆ. 65 ಮೀರಿದ 500 ರೋಗಿಗಳನ್ನು ಗಮನಿಸಿ ರೂಪಿಸಿದ್ದು, 2011ರಲ್ಲಿ ಪ್ರಕಟವಾಯಿತು. ನಿಮ್ಮ ತಂದೆಯ ಲೆಕ್ಕವನ್ನೇ ಹಾಕೋಣ. ವಯಸ್ಸು 72 ದಾಟಿದೆ, 2 ಅಂಕ. ಜೀರ್ಣಾಂಗದ ಕ್ಯಾನ್ಸರ್, 2. ಪೂರ್ತಿ ಡೋಸ್ ಕೊಡುವುದಾದರೆ 2, ಒಂದಕ್ಕಿಂತ ಹೆಚ್ಚು ಔಷಧಿಯಾದರೆ ಇನ್ನೂ 2. ಕಿವಿ ಮಂದ, 2. ಆರು ತಿಂಗಳೊಳಗೆ ಬಿದ್ದದ್ದಕ್ಕೆ 3. ಒಟ್ಟು 13. ಹಿಮೋಗ್ಲೋಬಿನ್ ಗಂಡಸರಲ್ಲಿ 11ಕ್ಕಿಂತ ಕೆಳಗಿದ್ದರೆ ಮತ್ತೆ 3 ಸೇರುತ್ತಿತ್ತು, ಕೂದಲೆಳೆಯಲ್ಲಿ ತಪ್ಪಿದೆ. ಅಂಕ 10 ಅಥವಾ ಹೆಚ್ಚು ಬಂದವರಲ್ಲಿ ನೂರಕ್ಕೆ 83 ಮಂದಿಗೆ ಗಂಭೀರ ಅಡ್ಡಪರಿಣಾಮ ಆಗಿತ್ತು. 6ರಿಂದ 9 ಇದ್ದವರಲ್ಲಿ 52, ಅದಕ್ಕಿಂತ ಕೆಳಗಿನವರಲ್ಲಿ 30.

ವಯಸ್ಸಿಗೆ 2, ಒಂದು ಸಲ ಬಿದ್ದದ್ದಕ್ಕೆ 3 ಎಂಬುದನ್ನು ಗಮನಿಸಿ.

ಈಗ ಎರಡನೇ ಔಷಧಿಯನ್ನು ಬಿಟ್ಟು, ಉಳಿದದ್ದರ ಡೋಸನ್ನೂ ಇಳಿಸಿದರೆ 4 ಅಂಕ ಹೋಗಿ 9ಕ್ಕೆ ಬರುತ್ತದೆ. ಕರುಳಿನ ಕ್ಯಾನ್ಸರ್‌ನಲ್ಲಿ ಆ ಎರಡನೇ ಔಷಧಿ ಸಾಮಾನ್ಯವಾಗಿ ಆಕ್ಸಾಲಿಪ್ಲಾಟಿನ್. ಆಪರೇಷನ್ ನಂತರದ ಚಿಕಿತ್ಸೆಯಲ್ಲಿ 70 ದಾಟಿದವರಿಗೆ ಅದರಿಂದ ಹೆಚ್ಚುವರಿ ಲಾಭ ಸ್ಪಷ್ಟವಾಗಿ ಕಂಡಿಲ್ಲ. ಮೇಲಾಗಿ ಅದು ಪಾದ ಜೋಮು ಹಿಡಿಸುತ್ತದೆ, ಈಗಾಗಲೇ ಬಿದ್ದವರಿಗೆ ಅದು ಸಣ್ಣ ವಿಷಯವಲ್ಲ. ಹಾಗೆಂದು ಕಿಮೋವೇ ಬೇಡ ಎನ್ನುವುದೂ ತಪ್ಪು. ಮೂರನೇ ಹಂತದಲ್ಲಿ ಕಾಯಿಲೆ ಮರುಕಳಿಸುವುದನ್ನು ತಡೆಯಲು ಕ್ಯಾಪೆಸಿಟಬಿನ್ ಮಾತ್ರೆಯೊಂದನ್ನೇ ಆರು ತಿಂಗಳು ಕೊಡುವ ದಾರಿ ಇದೆ. ನಿಮ್ಮ ಆಂಕಾಲಜಿಸ್ಟ್ ಜೊತೆ ಮಾತಾಡಬೇಕಾದದ್ದು ಇದನ್ನು ಎಂದು ನನಗನ್ನಿಸುತ್ತದೆ.

ಆದರೆ ಮಾತ್ರೆ ಎಂದು ಹಗುರವಾಗಿ ನೋಡಬೇಡಿ. 1.2 ಕ್ರಿಯಾಟಿನಿನ್ ನಾರ್ಮಲ್ ಎಂದೇ ರಿಪೋರ್ಟಿನಲ್ಲಿ ಕಾಣುತ್ತದೆ. 140ರಲ್ಲಿ ವಯಸ್ಸು ಕಳೆದು, ತೂಕದಿಂದ ಗುಣಿಸಿ, 72ನ್ನು ಕ್ರಿಯಾಟಿನಿನ್‌ನಿಂದ ಗುಣಿಸಿ ಬಂದದ್ದರಿಂದ ಭಾಗಿಸಿ ನೋಡಿ: 64 × 54 ÷ 86.4, ಅಂದರೆ 40. ಕಿಡ್ನಿ ನಿಮಿಷಕ್ಕೆ 40 ಮಿ.ಲೀ. ಮಾತ್ರ ಶೋಧಿಸುತ್ತಿದೆ. ತೆಳ್ಳಗಿನ ವೃದ್ಧರಲ್ಲಿ ಸ್ನಾಯು ಕಡಿಮೆ, ಆದ್ದರಿಂದ ಕ್ರಿಯಾಟಿನಿನ್ ಮೋಸ ಮಾಡುತ್ತದೆ. ಈ ಲೆಕ್ಕ 30ರಿಂದ 50ರೊಳಗೆ ಇದ್ದರೆ ಕ್ಯಾಪೆಸಿಟಬಿನ್‌ನ ಪೂರ್ಣ ಡೋಸ್‌ನ ಮುಕ್ಕಾಲು ಭಾಗದಿಂದ ಶುರುಮಾಡುವುದು ನಿಯಮ.

ಅಂಕ ಹಾಕಿ ಕೈತೊಳೆದುಕೊಂಡರೆ ಅಸೆಸ್‌ಮೆಂಟ್ ಅರ್ಧಕ್ಕೇ ನಿಂತಂತೆ. ಬಿದ್ದದ್ದೇಕೆ ಎಂದು ಹುಡುಕಬೇಕು. ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿ, ನಿಲ್ಲಿಸಿ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಲಿ. ಮೇಲಿನ ಅಂಕಿ 20 ಇಳಿದರೆ ಬಿ.ಪಿ. ಮಾತ್ರೆಯನ್ನೋ ನಿದ್ದೆ ಮಾತ್ರೆಯನ್ನೋ ಡಾಕ್ಟರು ಮರುಪರಿಶೀಲಿಸಬೇಕಾಗುತ್ತದೆ. ನೆನಪಿನ ಪರೀಕ್ಷೆಯೂ ಬೇಕು: ಮೂರು ಪದ ಹೇಳಿ, ಗಡಿಯಾರದ ಚಿತ್ರ ಬರೆಸಿ, ಪದಗಳನ್ನು ಮತ್ತೆ ಕೇಳುತ್ತಾರೆ. ಐದರಲ್ಲಿ ಮೂರಕ್ಕಿಂತ ಕಡಿಮೆ ಬಂದರೆ ಹದಿನಾಲ್ಕು ದಿನ ಎರಡು ಹೊತ್ತು ನುಂಗಿ ಏಳು ದಿನ ಬಿಡುವ ಮಾತ್ರೆಯನ್ನು ಅವರ ಕೈಗೇ ಕೊಡಬಾರದು. ಇಲ್ಲೊಂದು ಎಡವಟ್ಟು ಆಗುವುದುಂಟು. ಪದ ಕಿವಿಗೇ ಬೀಳದಿದ್ದರೂ ಮರೆವು ಎಂದು ಬರೆದುಬಿಡುತ್ತಾರೆ. ಹಿಯರಿಂಗ್ ಏಡ್ ಇದ್ದರೆ ಹಾಕಿಸಿ ಕೂರಿಸಿ. ಪ್ರಶ್ನೆಗಳಿಗೆ ನೀವು ಉತ್ತರಿಸದೆ ಅವರನ್ನೇ ಮಾತಾಡಲು ಬಿಡಿ.

ಇಷ್ಟೆಲ್ಲ ಮಾಡಿದ್ದರಿಂದ ಏನು ಸಿಕ್ಕೀತು ಎಂದರೆ, ಗುಣವಾಗದ ಹಂತದ ಕ್ಯಾನ್ಸರ್ ಇದ್ದ 70 ದಾಟಿದವರ ಮೇಲಿನ 2021ರ ಒಂದು ಅಧ್ಯಯನದಲ್ಲಿ, ಅಸೆಸ್‌ಮೆಂಟ್ ವರದಿ ಡಾಕ್ಟರ ಕೈಸೇರಿದ ಗುಂಪಿನಲ್ಲಿ ಗಂಭೀರ ಅಡ್ಡಪರಿಣಾಮ ನೂರಕ್ಕೆ 51, ಇನ್ನೊಂದರಲ್ಲಿ 71. ಬದುಕಿದ ಅವಧಿಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ನಿಮ್ಮ ತಂದೆಯದು ಗುಣಪಡಿಸುವ ಉದ್ದೇಶದ ಚಿಕಿತ್ಸೆ. ಆದ್ದರಿಂದ ಆ ಅಂಕಿಗಳನ್ನು ಹಾಗೇ ಎತ್ತಿ ಇಲ್ಲಿ ಇಡಲಾಗದು, ಡೋಸನ್ನು ಮನಬಂದಂತೆ ಇಳಿಸಲೂ ಆಗದು.

ಮಾತ್ರೆ ಶುರುವಾದ ಮೇಲೆ ದಿನದ ಭೇದಿ ಎಂದಿಗಿಂತ ನಾಲ್ಕು ಸಲ ಹೆಚ್ಚಾದರೆ, ಅಥವಾ ರಾತ್ರಿ ಎದ್ದು ಹೋಗುವಂತಾದರೆ, ಅಂದಿನ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ಕೋರ್ಸ್ ಮುಗಿಸಿಬಿಡೋಣ ಎಂದು ಹಲ್ಲುಕಚ್ಚಿ ನುಂಗಿದರೆ ನೀರು ಬತ್ತಿ, ಆ 40 ಇನ್ನೂ ಇಳಿದು, ಔಷಧಿ ಮೈಯಲ್ಲೇ ಉಳಿಯುತ್ತದೆ. ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ಎರಡೂ ಸೇರಿದರೆ ರಕ್ತಸ್ರಾವದ ಅಪಾಯವಿದೆ. ಎರಡನೇ ಸುತ್ತಿಗೆ ಮುನ್ನ ತೂಕ, ಕ್ರಿಯಾಟಿನಿನ್ ಮತ್ತು "ಮತ್ತೆ ಬಿದ್ದಿರಾ?" ಎಂಬ ಪ್ರಶ್ನೆ, ಮೂರೂ ಮತ್ತೊಮ್ಮೆ ಆಗಲಿ.